ಹೆಸರು ಓದಲು ಬರದ ಕಾರ್ಡಿನಲ್ಲಿ ಇರುವುದು ಯಾವ ಪೋಕೆಮಾನ್?

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಬಿಸಿಲು ಇಳಿಯುವವರೆಗೆ ನಮ್ಮ ಓಣಿಯ ಹುಡುಗರೆಲ್ಲ ಯಾರದಾದರೂ ಮನೆಯ ಫರ್ಶಿ ಮೇಲೆ ಕಾರ್ಡ್ ಹರವಿಕೊಂಡು ಕೂತಿರುತ್ತಾರೆ. ಆ ರಾಶಿಯಲ್ಲಿ ಎಲ್ಲವೂ ಇರುತ್ತವೆ. ಸೂಪರ್ ಮಾರ್ಕೆಟ್ ಕಡೆ ಕೊಂಡ ಪ್ಯಾಕೆಟ್ಟಿನವು, ಜಾತ್ರೆಯಲ್ಲಿ ಸಿಕ್ಕವು, ಹೈದರಾಬಾದಿನಿಂದ ಮಾಮಾ ತಂದವು, ಯಾರದೋ ಅಣ್ಣ ಬಿಟ್ಟುಹೋದ ಹಳೇವು. ಕೆಲವದರ ಮೇಲೆ ಜಪಾನಿ ಬರಹ. ಕೆಲವದರ ತಲೆಭಾಗ ಸವೆದು ಹೆಸರೇ ಅಳಿಸಿದೆ. ಇದು ಯಾವುದು, ಅಸಲಿಯೋ ಡುಪ್ಲಿಕೇಟೋ ಅಂತ ಜಗಳ ಶುರುವಾಗುವುದು ಅಲ್ಲೇ.

ಹೆಸರು ಇಲ್ಲದಿದ್ದರೂ ಕಾರ್ಡಿನಲ್ಲಿರುವ ಕಾಲ್ಪನಿಕ ಪ್ರಾಣಿ, ಅಂದರೆ ಪೋಕೆಮಾನ್, ಯಾವುದೆಂದು ಬಹುಮಟ್ಟಿಗೆ ಹೇಳಬಹುದು. ಕಾರ್ಡಿನ ಯಾವ ಮೂಲೆ ಏನು ಹೇಳುತ್ತದೆ, ಯಾವುದು ಏನನ್ನು ಹೇಳುವುದಿಲ್ಲ ಅನ್ನುವುದು ಗೊತ್ತಿರಬೇಕು ಅಷ್ಟೆ. ಹುಡುಗರು ಮೊದಲು ನೋಡುವುದು ಬಣ್ಣ, ಆಮೇಲೆ ಮೂಲೆಯ ಚಿಹ್ನೆ. ದಾರಿ ತಪ್ಪಿಸುವುದರಲ್ಲೂ ಇವೆರಡೇ ಮುಂದು.

ಅದಕ್ಕೂ ಮೊದಲು ರಾಶಿಯನ್ನು ಎರಡು ಮಾಡಬೇಕು, ಯಾಕೆಂದರೆ ಪೋಕೆಮಾನ್ ನಡುವೆ ಯು-ಗಿ-ಓ ಅನ್ನುವ ಇನ್ನೊಂದು ಆಟದ ಕಾರ್ಡ್‌ಗಳು ಸೇರಿಕೊಂಡಿರುತ್ತವೆ. ಇದು ಸುಲಭ. ಪೋಕೆಮಾನ್ ಕಾರ್ಡ್ 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ. ಯು-ಗಿ-ಓ ಸ್ವಲ್ಪ ಸಣ್ಣದು, 59ಕ್ಕೆ 86. ಕಟ್ಟು ಹಿಡಿದು ನೆಲಕ್ಕೆ ತಟ್ಟಿದರೆ ಸಣ್ಣವು ಒಳಗೆ ಕುಳಿತುಬಿಡುತ್ತವೆ. ಯು-ಗಿ-ಓ ಮಾನ್ಸ್ಟರ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಹೆಸರಿನ ಕೆಳಗೆ ನಕ್ಷತ್ರಗಳ ಸಾಲು ಇರುತ್ತದೆ, ಎಡಗಡೆ ಕೆಳಮೂಲೆಯಲ್ಲಿ ಎಂಟು ಅಂಕಿಯ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಸಿಕ್ಕರೆ ಕೆಲಸ ಮುಗಿದಂತೆ. ಬ್ಲೂ-ಐಸ್ ವೈಟ್ ಡ್ರ್ಯಾಗನ್ ಯಾವ ಭಾಷೆಯಲ್ಲಿ ಅಚ್ಚಾಗಿದ್ದರೂ ಅದರ ಸಂಖ್ಯೆ 89631139. ಪೋಕೆಮಾನ್‌ನಲ್ಲಿ ಇಷ್ಟು ಸಲೀಸಾದ ಸಂಖ್ಯೆ ಇಲ್ಲ. ಹಾಗಾಗಿ ಮುಂದಿನದೆಲ್ಲ ಅದರ ಬಗ್ಗೆಯೇ.

ಸಂಖ್ಯೆ ಇಲ್ಲವೇ ಇಲ್ಲ ಅಂತಲ್ಲ. ಎರಡೆರಡು ಇವೆ, ತೊಂದರೆ ಆಗುವುದೂ ಅದರಿಂದಲೇ. ಕಾರ್ಡಿನ ಅಡಿಯಲ್ಲಿ 4/102 ಅಂತ ಒಂದು ಇರುತ್ತದೆ. ಇದು ಆ ಸೆಟ್‌ನಲ್ಲಿ, ಅಂದರೆ ಒಟ್ಟಿಗೆ ಬಿಡುಗಡೆಯಾದ ಕಾರ್ಡ್‌ಗಳ ಗುಂಪಿನಲ್ಲಿ, ಈ ಕಾರ್ಡ್ ಎಷ್ಟನೆಯದು ಅನ್ನುವ ಲೆಕ್ಕ. 1999ರಲ್ಲಿ ಇಂಗ್ಲಿಷಿನಲ್ಲಿ ಬಂದ ಮೊದಲ ಸೆಟ್ಟಿನಲ್ಲಿ ಚಾರಿಝಾರ್ಡ್ 4/102, ಪಿಕಾಚು 58/102. ಈ 4ಕ್ಕೂ 58ಕ್ಕೂ ಆ ಪ್ರಾಣಿಗಳ ಸ್ವಂತ ನಂಬರಿಗೂ ಸಂಬಂಧವಿಲ್ಲ. ಚಾರಿಝಾರ್ಡ್‌ನ ಸ್ವಂತ ನಂಬರ್ 6, ಪಿಕಾಚುವಿನದು 25. ಇವು ಪೋಕೆಡೆಕ್ಸ್ ಅನ್ನುವ ಪಟ್ಟಿಯ ನಂಬರ್‌ಗಳು, ಎಂದೂ ಬದಲಾಗುವುದಿಲ್ಲ. ಹಳೆಯ ಕಾರ್ಡಿನಲ್ಲಿ ಇದು ತಳದಲ್ಲಿರುವ ಎರಡು ಸಾಲಿನ ವಿವರಣೆಯ ಕೊನೆಗೆ ಇರುತ್ತದೆ. ಈಚಿನವುಗಳಲ್ಲಿ ಚಿತ್ರದ ಕೆಳಗಿನ ಸಣ್ಣ ಪಟ್ಟಿಯಲ್ಲಿ, ಎತ್ತರ ತೂಕದ ಜೊತೆಗೆ ಇರುತ್ತದೆ. ಜಪಾನಿ ಕಾರ್ಡಿನಲ್ಲೂ ಈ ಅಂಕಿಗಳು ನಮಗೆ ಓದಲು ಬರುವಂತೆಯೇ ಇರುತ್ತವೆ. 25, 0.4 ಮೀಟರ್, 6.0 ಕೆ.ಜಿ. ಅಂತ ಕಂಡರೆ ಅದು ಪಿಕಾಚು. ಅಕ್ಷರ ಒಂದೂ ಬರಬೇಕಿಲ್ಲ.

ಗೊಂದಲ ಹೆಚ್ಚಿಸಲು ಅಂತಲೇ 2023ರಲ್ಲಿ 151 ಅನ್ನುವ ಸೆಟ್ ಬಂತು. ಅದರಲ್ಲಿ ಕಾರ್ಡ್‌ಗಳನ್ನು ಪೋಕೆಡೆಕ್ಸ್ ಕ್ರಮದಲ್ಲೇ ಜೋಡಿಸಿದ್ದಾರೆ, ಹಾಗಾಗಿ ಚಾರಿಝಾರ್ಡ್ ಅಲ್ಲಿ 6/165. ಈ ಸೆಟ್ಟಿನಿಂದ ಆಟ ಶುರು ಮಾಡಿದ ಹುಡುಗರು ಅಡಿಯ ನಂಬರೇ ಪೋಕೆಮಾನ್ ನಂಬರ್ ಅಂತ ತಿಳಿದುಬಿಡುತ್ತಾರೆ. ಬೇರೆ ಸೆಟ್ಟಿನ ಕಾರ್ಡ್ ಕೈಗೆ ಬಂದಾಗ ಲೆಕ್ಕ ತಪ್ಪುತ್ತದೆ.

ಇನ್ನು ಮೇಲಿನ ಎರಡು ಮೂಲೆ. ಬಲಮೂಲೆಯಲ್ಲಿ ಎಚ್‌ಪಿ, ಅಂದರೆ ಎಷ್ಟು ಪೆಟ್ಟು ತಡೆಯುತ್ತದೆ ಅನ್ನುವ ಅಂಕಿ. ಅದರ ಪಕ್ಕ ಜಾತಿಯ ಚಿಹ್ನೆ. ಎಡಮೂಲೆಯಲ್ಲಿ ಇದು ಮೊದಲ ಹಂತದ್ದೋ, ಬೆಳೆದು ಎರಡನೆಯ ಅಥವಾ ಮೂರನೆಯ ರೂಪಕ್ಕೆ ಬಂದದ್ದೋ ಅಂತ ಇರುತ್ತದೆ. ಬೆಳೆದದ್ದಾದರೆ ಆ ಮೂಲೆಯಲ್ಲೇ ಅದರ ಹಿಂದಿನ ರೂಪದ ಪುಟ್ಟ ಚಿತ್ರ ಇರುತ್ತದೆ. ನನ್ನ ಪ್ರಕಾರ ಇಡೀ ಕಾರ್ಡಿನಲ್ಲಿ ಜನ ಅತಿ ಕಡಿಮೆ ನೋಡುವ, ಅತಿ ಹೆಚ್ಚು ಕೆಲಸಕ್ಕೆ ಬರುವ ಜಾಗ ಇದು. ದೊಡ್ಡ ಚಿತ್ರದಲ್ಲಿ ಕಲಾವಿದ ಏನೇ ಆಟ ಆಡಿರಲಿ, ಈ ಪುಟ್ಟ ಚಿತ್ರ ಸರಳವಾಗಿ, ಗುರುತು ಸಿಗುವಂತೆ ಇರುತ್ತದೆ. ಅಲ್ಲಿ ಚಾರ್ಮಿಲಿಯನ್ ಇದ್ದರೆ ಕೆಳಗಿರುವುದು ಚಾರಿಝಾರ್ಡ್, ಬೇರೆ ದಾರಿಯೇ ಇಲ್ಲ.

ಈಗ ಜಾತಿಯ ಚಿಹ್ನೆಗೆ ಬರೋಣ. ಎಲೆ ಇದ್ದರೆ ಹುಲ್ಲು, ಜ್ವಾಲೆ ಇದ್ದರೆ ಬೆಂಕಿ, ಹನಿ ಇದ್ದರೆ ನೀರು, ಮಿಂಚು ಇದ್ದರೆ ವಿದ್ಯುತ್ತು. ಕಣ್ಣು ಮನಶ್ಶಕ್ತಿಯದು, ಮುಷ್ಟಿ ಹೊಡೆದಾಟದ್ದು. ಬಿಳಿ ನಕ್ಷತ್ರ ಯಾವ ಬಣ್ಣಕ್ಕೂ ಸೇರದ್ದು. ಮೊದಲ ಸೆಟ್ಟಿನಲ್ಲಿ ಇದ್ದದ್ದು ಈ ಏಳೇ. 2000ದಲ್ಲಿ ಕತ್ತಲೆ ಮತ್ತು ಲೋಹ ಸೇರಿದವು, 2012ರಲ್ಲಿ ಡ್ರ್ಯಾಗನ್ ಬಂತು. ಗುಲಾಬಿ ಬಣ್ಣದ ಫೇರಿ 2014ರಲ್ಲಿ ಇಂಗ್ಲಿಷ್ ಕಾರ್ಡ್‌ಗಳಿಗೆ ಬಂದು 2020ರಲ್ಲಿ ಹೋಗಿಬಿಟ್ಟಿತು.

ವಿಡಿಯೊ ಗೇಮ್‌ನಲ್ಲಿ ಮಾತ್ರ 18 ಜಾತಿಗಳಿವೆ. ಹದಿನೆಂಟನ್ನು ಹತ್ತರೊಳಗೆ ತುರುಕಬೇಕಾದರೆ ಕೆಲವು ಬೇರೆಯವರ ಮನೆಯಲ್ಲಿ ಬಾಡಿಗೆಗೆ ಇರಬೇಕಾಗುತ್ತದೆ. ಹಿಮದವು ನೀರಿನ ಚಿಹ್ನೆಯಡಿ ಬರುತ್ತವೆ. ಹುಳುಗಳು ಎಲೆಯಡಿ, ಭೂತಗಳು ಕಣ್ಣಿನಡಿ, ಕಲ್ಲು ಮಣ್ಣಿನವು ಮುಷ್ಟಿಯಡಿ. ಬಾಡಿಗೆದಾರರು ಮನೆ ಬದಲಿಸುತ್ತಾರೆ ಕೂಡ. ಜಾಸ್ತಿ ಬದಲಿಸಿದ್ದು ವಿಷದ ಜಾತಿ.

ಕಾಫಿಂಗ್ ಅನ್ನೇ ತೆಗೆದುಕೊಳ್ಳಿ. ನೇರಳೆ ಬಣ್ಣದ, ಗಾಳಿಯಲ್ಲಿ ತೇಲುವ ಗುಂಡು. ಮೈಮೇಲೆ ಅಲ್ಲಲ್ಲಿ ಉಬ್ಬು, ಅದರಿಂದ ಹೊಗೆ. ಮುಖದ ಕೆಳಗೆ ಬುರುಡೆ ಮತ್ತು ಎರಡು ಅಡ್ಡ ಎಲುಬಿನ ಗುರುತು. ಪೋಕೆಡೆಕ್ಸ್ ನಂಬರ್ 109. ಗೇಮ್‌ನಲ್ಲಿ ಇದು ವಿಷದ ಜಾತಿ, ಅದು ಎಂದೂ ಬದಲಾಗಿಲ್ಲ. ಕಾರ್ಡಿನಲ್ಲಿ ಮಾತ್ರ ವಿಷಕ್ಕೆ ಸ್ವಂತ ಚಿಹ್ನೆ ಇಲ್ಲ. ಮೊದಲ ಸೆಟ್ಟಿನಲ್ಲಿ ಇದನ್ನು ಹುಲ್ಲಿಗೆ ಸೇರಿಸಿದರು, ಹಾಗಾಗಿ ಹಸಿರು ಕಾರ್ಡಿನಲ್ಲಿ ನೇರಳೆ ಗುಂಡು ಕೂತಿರುತ್ತದೆ. 2007ರಲ್ಲಿ ಡೈಮಂಡ್ ಅಂಡ್ ಪರ್ಲ್ ಸೆಟ್ ಬಂದಾಗ ವಿಷದ ಜಾತಿಯನ್ನೆಲ್ಲ ಮನಶ್ಶಕ್ತಿಯ ಕಡೆಗೆ ಕಳಿಸಿದರು, ಕಾರ್ಡ್ ನೇರಳೆಯಾಯಿತು. 2020ರಲ್ಲಿ ಸ್ವೋರ್ಡ್ ಅಂಡ್ ಶೀಲ್ಡ್ ಸರಣಿಯಿಂದ ಅವನ್ನೆಲ್ಲ ಕತ್ತಲೆಗೆ ಎತ್ತಿ ಹಾಕಿದರು, ಕಾರ್ಡ್ ಕಪ್ಪಾಯಿತು.

ನಮ್ಮ ಓಣಿಯಲ್ಲಿ ಒಮ್ಮೆ ಒಬ್ಬ ಹುಡುಗ ಹಸಿರಿನದನ್ನು ತೋರಿಸಿ, “ಕಾಕಾ, ಇದು ಡುಪ್ಲಿಕೇಟ್ ಅದ. ನಂದು ಕರಿ ಅದ ನೋಡ್ರಿ, ಅದೇ ಖರೆ” ಅಂದಿದ್ದ. ಇನ್ನೊಬ್ಬನಿಗೆ ಅದು ಅವನ ಅಣ್ಣನ ಕಾರ್ಡ್, ಸಿಟ್ಟು ನೆತ್ತಿಗೇರಿತ್ತು. ಇಬ್ಬರ ಕಾರ್ಡೂ ಸರಿ ಇರಬಹುದು. ಬಣ್ಣ ಬೇರೆ ಅನ್ನುವುದು ಡುಪ್ಲಿಕೇಟ್ ಅನ್ನಲು ಕಾರಣವಾಗುವುದಿಲ್ಲ, ಎರಡರ ನಡುವೆ ಇಪ್ಪತ್ತು ವರ್ಷದ ಅಂತರ ಇದೆ ಅಂತ ಹೇಳುತ್ತದೆ ಅಷ್ಟೆ. ನಾನು ಅವರಿಗೆ ನೋಡಲು ಹೇಳಿದ್ದು ಕೆಳಗಿನ ಸಾಲು. ಅಲ್ಲಿ ವೀಕ್‌ನೆಸ್ ಅಂತ ಇರುತ್ತದೆ, ಈ ಪೋಕೆಮಾನ್ ಯಾರ ಕೈಯಲ್ಲಿ ಜಾಸ್ತಿ ಪೆಟ್ಟು ತಿನ್ನುತ್ತದೆ ಅನ್ನುವ ಚಿಹ್ನೆ. ಹಳೆಯ ಹಸಿರು ಕಾಫಿಂಗ್‌ನಲ್ಲಿ ಅಲ್ಲಿರುವುದು ಕಣ್ಣಿನ ಚಿಹ್ನೆ. ಹುಲ್ಲಿನ ಪೋಕೆಮಾನ್ ಸಾಮಾನ್ಯವಾಗಿ ಸೋಲುವುದು ಬೆಂಕಿಗೆ. ಆದರೆ ಗೇಮ್‌ನಲ್ಲಿ ವಿಷವನ್ನು ಸೋಲಿಸುವುದು ಮನಶ್ಶಕ್ತಿ. ಅಂದರೆ ಮೂಲೆಯ ಚಿಹ್ನೆ ಮುಚ್ಚಿಟ್ಟದ್ದನ್ನು ಅಡಿಯ ಚಿಹ್ನೆ ಬಿಟ್ಟುಕೊಟ್ಟಿದೆ. ಎಲೆ ಮೇಲೆ, ಕಣ್ಣು ಕೆಳಗೆ ಇರುವ ಹಳೆಯ ಕಾರ್ಡ್ ಸಿಕ್ಕರೆ, ಚಿತ್ರ ಹರಿದಿದ್ದರೂ ಅದು ವಿಷದ ಜಾತಿಯದು ಅಂತ ಧೈರ್ಯವಾಗಿ ಊಹಿಸಬಹುದು.

ಕ್ಲೆಫೇರಿಯದೂ ಇದೇ ಕಥೆ. ಅದು ಮೊದಲು ಬಿಳಿ ನಕ್ಷತ್ರದಡಿ ಇತ್ತು. ಫೇರಿ ಬಂದಮೇಲೆ ಗುಲಾಬಿಯಾಯಿತು, ಫೇರಿ ಹೋದಮೇಲೆ ಕಣ್ಣಿನಡಿ ಸೇರಿತು. ಗುಲಾಬಿ ಚಿಹ್ನೆಯ ಕಾರ್ಡ್ ಕಂಡರೆ ಬೇರೇನೂ ನೋಡದೆ ಅದು 2020ಕ್ಕಿಂತ ಹಿಂದಿನ ಸರಣಿಯದು ಅನ್ನಬಹುದು. ಚಿಹ್ನೆ ಕೆಲಸಕ್ಕೆ ಬರುವುದು ಹೀಗೆ: ಯಾವ ಗುಂಪು, ಯಾವ ಕಾಲ. ಯಾವ ಪೋಕೆಮಾನ್ ಅಂತ ಅದೊಂದೇ ಹೇಳಲಾರದು.

ಹೇಳಿದರೂ ಕೆಲವೊಮ್ಮೆ ಬೇಕಂತಲೇ ಸುಳ್ಳು ಹೇಳುತ್ತದೆ. 2023ರ ಅಬ್ಸಿಡಿಯನ್ ಫ್ಲೇಮ್ಸ್ ಸೆಟ್ಟಿನ ಚಾರಿಝಾರ್ಡ್ ಇಎಕ್ಸ್ ಇದಕ್ಕೆ ಒಳ್ಳೆ ಉದಾಹರಣೆ. ಜಪಾನಿ ಪ್ರತಿ ಕೈಗೆ ಬಂದಿದೆ, ಹೆಸರು ಓದಲು ಬರುವುದಿಲ್ಲ ಅಂದುಕೊಳ್ಳಿ. ಬಲಮೂಲೆಯಲ್ಲಿ ಎಚ್‌ಪಿ 330, ಪಕ್ಕದಲ್ಲಿ ಕತ್ತಲೆಯ ಚಿಹ್ನೆ. ಚಿತ್ರದಲ್ಲಿ ರೆಕ್ಕೆಯ ದೊಡ್ಡ ಪ್ರಾಣಿ, ಮೈಯೆಲ್ಲ ಹರಳಿನಂತೆ ಹೊಳೆಯುತ್ತದೆ, ತಲೆ ಮೇಲೆ ಕಿರೀಟದಂಥದ್ದು. ಎತ್ತರ ತೂಕದ ಪಟ್ಟಿ ಹುಡುಕಿದರೆ ಸಿಗುವುದಿಲ್ಲ. ಹೆಸರಿನ ಜೊತೆ ಇಎಕ್ಸ್, ವಿ, ಜಿಎಕ್ಸ್ ಅಂತ ಇರುವ ಹೆಚ್ಚು ಬಲದ ಕಾರ್ಡ್‌ಗಳಲ್ಲಿ ಆ ಪಟ್ಟಿಯನ್ನೇ ತೆಗೆದಿರುತ್ತಾರೆ. ನಂಬರಿನ ದಾರಿ ಮುಚ್ಚಿತು.

ಈಗ ಎಡಮೂಲೆ ನೋಡಬೇಕು. ಪುಟ್ಟ ಚಿತ್ರದಲ್ಲಿ ಚಾರ್ಮಿಲಿಯನ್ ಇದೆ. ಅರ್ಧ ಕೆಲಸ ಮುಗಿಯಿತು. ಗಟ್ಟಿ ಮಾಡಿಕೊಳ್ಳಲು ದಾಳಿಯ ಸಾಲು ನೋಡಿ. ದಾಳಿಯ ಹೆಸರಿನ ಎಡಗಡೆ ಅದಕ್ಕೆ ಬೇಕಾಗುವ ಶಕ್ತಿಯ ಚಿಹ್ನೆಗಳಿರುತ್ತವೆ. ಇಲ್ಲಿ ಎರಡು ಜ್ವಾಲೆ. ಮೂಲೆಯಲ್ಲಿ ಕತ್ತಲೆ, ದಾಳಿಗೆ ಬೆಂಕಿ! ಇದು ಅಚ್ಚಿನ ತಪ್ಪಲ್ಲ. ಟೆರಾ ಅನ್ನುವ ಬಗೆಯ ಕೆಲವು ಪೋಕೆಮಾನ್‌ಗಳು ತಮ್ಮ ಜಾತಿ ಬದಲಿಸಿಕೊಂಡಿರುತ್ತವೆ. ಹರಳು ಮೈ, ತಲೆಯ ಕಿರೀಟ ಅದರದೇ ಗುರುತು. ವೀಕ್‌ನೆಸ್ ಕೂಡ ಬದಲಾಗಿದೆ. ಸಾಮಾನ್ಯ ಚಾರಿಝಾರ್ಡ್‌ಗೆ ಅಲ್ಲಿ ನೀರಿನ ಹನಿ ಇರುತ್ತದೆ, ಇದಕ್ಕೆ ಎಲೆ ಇದೆ. ಹೊಸ ಜಾತಿಗೆ ತಕ್ಕಂತೆ ಎಲ್ಲ ಬದಲಿಸಿದರೂ ದಾಳಿಯ ಬೆಲೆಯಲ್ಲಿ ಹಳೆಯ ಬೆಂಕಿ ಉಳಿದುಕೊಂಡಿದೆ. ಹಾಗಾಗಿ ಮೂಲೆಯ ಚಿಹ್ನೆಗೂ ಚಿತ್ರಕ್ಕೂ ತಾಳೆ ಆಗದಿದ್ದಾಗ ನಾನು ಮೊದಲು ನೋಡುವುದು ದಾಳಿಯ ಚಿಹ್ನೆಗಳನ್ನು.

ನಕಲಿ ಕಾರ್ಡ್‌ಗಳು ಎಡವುವುದೂ ಇಲ್ಲೇ. ಚಿತ್ರ ಕದಿಯುವುದು ಸುಲಭ, ಚಿಹ್ನೆಗಳನ್ನು ಒಂದಕ್ಕೊಂದು ಹೊಂದಿಸುವುದಕ್ಕೆ ಆಟ ಗೊತ್ತಿರಬೇಕು. ಬೆಂಕಿಯ ಪೋಕೆಮಾನ್‌ಗೆ ಬೆಂಕಿಯೇ ವೀಕ್‌ನೆಸ್ ಅಂತ ಇದ್ದರೆ ಅನುಮಾನ ಪಡಿ. ಆದರೆ ಇದನ್ನು ಎಲ್ಲ ಜಾತಿಗೂ ಹಚ್ಚಬೇಡಿ. ಮೊದಲ ಸೆಟ್ಟಿನ ಮ್ಯೂಟೂ ಕಣ್ಣಿನ ಜಾತಿಯದು, ಅದರ ವೀಕ್‌ನೆಸ್ ಕೂಡ ಕಣ್ಣೇ, ಮತ್ತು ಅದು ಸರಿ. ಜಪಾನಿ ಕಾರ್ಡಿನ ಬೆನ್ನು ಬೇರೆ ಥರ ಇದೆ ಅಂತ ಎಸೆಯುವವರೂ ಇದ್ದಾರೆ. ಜಪಾನಿನವಕ್ಕೆ ಬೆನ್ನಿನ ಚಿತ್ರವೇ ಬೇರೆ, ಅದು ತಪ್ಪಲ್ಲ.

ಇನ್ನು ಚಿತ್ರದ ಶೈಲಿ. ಕಾರ್ಟೂನ್ ನೋಡಿ ಬೆಳೆದ ಮಕ್ಕಳಿಗೆ ಒಂದೊಂದು ಪೋಕೆಮಾನ್ ಮನಸ್ಸಿನಲ್ಲಿ ಒಂದೇ ರೂಪದಲ್ಲಿ ಕೂತಿರುತ್ತದೆ. ಕಾರ್ಡಿನಲ್ಲಿ ಹಾಗಲ್ಲ, ಪ್ರತಿ ಕಲಾವಿದರದೂ ಬೇರೆ ಕೈ. ಕೆನ್ ಸುಗಿಮೊರಿಯವರದು ನಿಚ್ಚಳ ಗೆರೆ, ಹಿನ್ನೆಲೆ ಕಡಿಮೆ. ಗುರುತು ಹಿಡಿಯಲು ಇಷ್ಟು ಸುಲಭದ್ದು ಬೇರೊಂದಿಲ್ಲ. ಮಿತ್ಸುಹಿರೊ ಅರಿತಾ ಅವರದು ತೈಲಚಿತ್ರದ ಹಾಗೆ, ಬೆಳಕು ನೆರಳು ಜಾಸ್ತಿ. ಮೊದಲ ಸೆಟ್ಟಿನ ಚಾರಿಝಾರ್ಡ್, ಪಿಕಾಚು ಎರಡೂ ಅವರವೇ. ಯೂಕಾ ಮೊರಿಯಿ ಮಣ್ಣಿನ ಗೊಂಬೆ ಮಾಡಿ, ನಿಜವಾದ ಜಾಗದಲ್ಲಿಟ್ಟು ಫೋಟೊ ತೆಗೆಯುತ್ತಾರೆ. ಅಸಾಕೊ ಇಟೊ ನೂಲಿನಲ್ಲಿ ಹೆಣೆದ ಗೊಂಬೆಗಳನ್ನು ಮಾಡುತ್ತಾರೆ. ತೊಮೊಕಾಜು ಕೊಮಿಯಾ ಅವರ ಚಿತ್ರ ಕ್ರೆಯಾನಿನಲ್ಲಿ ಮಗು ಬಿಡಿಸಿದಂತೆ ಸೊಟ್ಟಪಟ್ಟ. ಹುಡುಗರು “ಇದು ಪಕ್ಕಾ ಡುಪ್ಲಿಕೇಟ್” ಅಂತ ಪಕ್ಕಕ್ಕಿಡುವ ಅಸಲಿ ಕಾರ್ಡ್‌ಗಳಲ್ಲಿ ಕೊಮಿಯಾ ಅವರವೇ ಜಾಸ್ತಿ ಇರಬೇಕು ಅಂತ ನನ್ನ ಗುಮಾನಿ. ಕಾರ್ಡಿನ ಅಡಿಯಲ್ಲಿ ಕಲಾವಿದರ ಹೆಸರು ಇರುತ್ತದೆ, ಜಪಾನಿ ಕಾರ್ಡಿನಲ್ಲೂ ಇಂಗ್ಲಿಷ್ ಅಕ್ಷರದಲ್ಲೇ. ಹೆಸರು ಓದಿದರೆ ಚಿತ್ರ ಯಾಕೆ ಹಾಗಿದೆ ಅನ್ನುವುದು ಅರ್ಧ ತಿಳಿಯುತ್ತದೆ.

ಶೈಲಿ ಎಷ್ಟೇ ಬದಲಾದರೂ ಕೆಲವು ಅಂಗಗಳನ್ನು ಯಾರೂ ಮುಟ್ಟುವುದಿಲ್ಲ. ಪಿಕಾಚುವಿನ ಮಿಂಚಿನಾಕಾರದ ಬಾಲ, ಕಿವಿಯ ಕಪ್ಪು ತುದಿ, ಕೆನ್ನೆಯ ದುಂಡು ಗುರುತು. ನೂಲಿನ ಗೊಂಬೆಯಲ್ಲೂ ಇವು ಇರುತ್ತವೆ. ಕೆನ್ನೆ ಒಂದನ್ನೇ ನಂಬಬೇಡಿ. ಪಿಚು, ಪ್ಲಸಲ್, ಮೈನನ್, ಡೆಡೆನ್ನೆ ಹೀಗೆ ಮಿಂಚಿನ ಚಿಹ್ನೆಯ ಇಲಿ ಜಾತಿಯವು ಎಷ್ಟೋ ಇವೆ, ಎಲ್ಲಕ್ಕೂ ಕೆನ್ನೆಯಲ್ಲಿ ಏನಾದರೂ ಗುರುತು ಇದ್ದೇ ಇದೆ. ಬೇರೆ ಮಾಡುವುದು ಬಾಲ ಮತ್ತು ಕಿವಿ. ವೋಲ್ಟಾರ್ಬ್ ಮತ್ತು ಎಲೆಕ್ಟ್ರೋಡ್ ಎರಡೂ ಕೆಂಪು ಬಿಳಿ ಚೆಂಡುಗಳೇ. ವೋಲ್ಟಾರ್ಬ್‌ಗೆ ಕೆಂಪು ಮೇಲೆ, ಎಲೆಕ್ಟ್ರೋಡ್‌ಗೆ ಕೆಂಪು ಕೆಳಗೆ. ಚಿತ್ರದಲ್ಲಿ ಚೆಂಡು ಉರುಳುತ್ತಿದ್ದರೆ ಮೇಲೆ ಯಾವುದು ಕೆಳಗೆ ಯಾವುದು ಅಂತ ತಿಳಿಯಲು ಕಣ್ಣನ್ನು ನೋಡಬೇಕು. ವೋಲ್ಟಾರ್ಬ್‌ನ ಕಣ್ಣು ಕೆಂಪು ಭಾಗದಲ್ಲಿ, ಎಲೆಕ್ಟ್ರೋಡ್‌ನದು ಬಿಳಿ ಭಾಗದಲ್ಲಿ.

ಬಣ್ಣವನ್ನಂತೂ ಕೊನೆಗೆ ನೋಡಿ. 2001ರ ನಿಯೊ ರೆವಲೇಶನ್ ಸೆಟ್ಟಿನಲ್ಲಿ ಶೈನಿಂಗ್ ಗ್ಯಾರಡೋಸ್ ಅಂತ ಒಂದಿದೆ. ಉದ್ದನೆಯ ಹಾವಿನಂಥ ಮೈ, ದೊಡ್ಡ ಬಾಯಿ, ಕೆಂಪು ಬಣ್ಣ. ಮೂಲೆಯಲ್ಲಿ ನೀರಿನ ಹನಿ. ಮಾಮೂಲಿ ಗ್ಯಾರಡೋಸ್ ನೀಲಿ, ಇದು ಅದರ ಅಪರೂಪದ ಬಣ್ಣ. ಕೆಂಪು ಕಂಡ ಕೂಡಲೆ ಬೆಂಕಿ ಅಂದವರು ಇಲ್ಲಿ ಸೋಲುತ್ತಾರೆ. ಇಲ್ಲಿ ಚಿಹ್ನೆ ನಿಜ ಹೇಳುತ್ತಿದೆ, ಬಣ್ಣ ಸುಳ್ಳು ಹೇಳುತ್ತಿದೆ. ಚಾರಿಝಾರ್ಡ್ ಇಎಕ್ಸ್‌ನಲ್ಲಿ ಆದದ್ದಕ್ಕೆ ತಿರುವುಮುರುವು.

ಪೋಕೆಡೆಕ್ಸ್ ನಂಬರನ್ನು ನಾನು ಇಷ್ಟು ನೆಚ್ಚಿದ್ದರೂ ಅದು ಕೈಕೊಡುವ ಒಂದು ಜಾಗ ಇದೆ. ವಲ್ಪಿಕ್ಸ್ ಅನ್ನುವ ಕೆಂಪು ಬಣ್ಣದ ಪುಟ್ಟ ನರಿಯ ನಂಬರ್ 37, ಜಾತಿ ಬೆಂಕಿ. ಅಲೋಲಾ ಅನ್ನುವ ಪ್ರದೇಶದ ವಲ್ಪಿಕ್ಸ್ ಬಿಳಿ, ಹಿಮದ ಜಾತಿ. ಅದರ ನಂಬರೂ 37. ವೀಝಿಂಗ್‌ನದೂ ಹೀಗೇ. ಕಾಫಿಂಗ್ ಬೆಳೆದು ಎರಡು ತಲೆಯದಾದರೆ ಅದೇ ವೀಝಿಂಗ್, ನಂಬರ್ 110. ಗಾಲಾರ್ ಪ್ರದೇಶದ ವೀಝಿಂಗ್‌ಗೆ ತಲೆ ಮೇಲೆ ಕಾರ್ಖಾನೆ ಚಿಮಣಿಯಂಥ ಉದ್ದ ಟೋಪಿ ಇರುತ್ತದೆ, ನಂಬರ್ ಮತ್ತೆ 110. ನಂಬರ್ ಒಂದೇ ಆದರೂ ಆಟದಲ್ಲಿ ಇವು ಬೇರೆ ಬೇರೆ ಪೋಕೆಮಾನ್. ವಲ್ಪಿಕ್ಸ್‌ನಲ್ಲಿ ಜಗಳ ಬಿಡಿಸುವುದು ಮೂಲೆಯ ಚಿಹ್ನೆ: ಜ್ವಾಲೆ ಇದ್ದರೆ ಮೊದಲಿನದು, ಹನಿ ಇದ್ದರೆ ಅಲೋಲಾದ್ದು. ವೀಝಿಂಗ್‌ನಲ್ಲಿ ಆ ಅನುಕೂಲವೂ ಇಲ್ಲ. 2020ರ ನಂತರ ಎರಡಕ್ಕೂ ಕತ್ತಲೆಯ ಚಿಹ್ನೆಯೇ ಬರಬಹುದು. ಅಲ್ಲಿ ಟೋಪಿ ಇದೆಯೋ ಇಲ್ಲವೋ ಅಂತ ಚಿತ್ರವನ್ನೇ ನೋಡಬೇಕು.